ಈ ತಿಂಗಳ ಹಂಚಿಕೆ ವೆಚ್ಚ: ಲಗತ್ತಿಸಿದ ಹಾಳೆಯ ಲೆಕ್ಕ ಹೀಗಿದೆ

ಎಂಟೂ ಮನೆಗಳ ಬಾಡಿಗೆದಾರರಿಗೆ ನಮಸ್ಕಾರ.

ಈ ಸಂದೇಶದ ಜೊತೆಗಿರುವ ಹಾಳೆಯಲ್ಲಿ ಮೂರನೇ ಮನೆಯ ಪಾಲು 2,105 ಎಂದಿದೆ, ಪಕ್ಕದ ನಾಲ್ಕನೇ ಮನೆಯದು 2,360. ಎರಡೂ ಒಂದೇ ಮಹಡಿಯಲ್ಲಿವೆ, ಒಂದೇ ಮೆಟ್ಟಿಲು ಬಳಸುತ್ತವೆ, ಒಂದೇ ಟ್ಯಾಂಕಿನ ನೀರು ಕುಡಿಯುತ್ತವೆ. ಹಾಗಿದ್ದ ಮೇಲೆ 255ರ ವ್ಯತ್ಯಾಸ ಎಲ್ಲಿಂದ ಬಂತು? ಹಾಳೆ ಕಳುಹಿಸಿದ ದಿನವೇ ಈ ಪ್ರಶ್ನೆ ಬಂತು. ಎಂಟನೇ ಮನೆಯವರು ತಮ್ಮ ನೀರಿನ ಮೊತ್ತ ಏಕೆ ಏರಿತು ಎಂದು ಕೇಳಿದರು. ಐದನೇ ಮನೆಗೆ ಹೊಸದಾಗಿ ಬಂದವರು, ತಾವು ಅರ್ಧ ತಿಂಗಳು ಮಾತ್ರ ಇದ್ದರೂ ಪಾಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರುವುದನ್ನು ತೋರಿಸಿದರು. ಮೂರೂ ನ್ಯಾಯವಾದ ಪ್ರಶ್ನೆಗಳು. ಬರೀ ಅಂಕಿಗಳ ಹಾಳೆಯನ್ನು ಕೈಗಿಟ್ಟು ಹಣ ಕೇಳುವುದು ಸರಿಯಲ್ಲ ಎಂದು ನನಗೆ ಅನ್ನಿಸಿದ್ದರಿಂದ ಲೆಕ್ಕವನ್ನು ಮೊದಲಿನಿಂದ ಬಿಡಿಸಿ ಬರೆಯುತ್ತಿದ್ದೇನೆ.

ಹಂಚಿಕೆ ವೆಚ್ಚ ಎಂದರೆ ಯಾವುದು

ಬಾಡಿಗೆ ಎಂದರೆ ನಿಮ್ಮ ಮನೆಯ ಬಾಗಿಲಿನ ಒಳಗಿನ ಜಾಗಕ್ಕೆ ಕೊಡುವ ಹಣ. ಬಾಗಿಲಿನ ಹೊರಗೆ ಎಲ್ಲರಿಗೂ ಸೇರಿದ ಕೆಲಸಗಳು ಕೆಲವಿವೆ: ಮೆಟ್ಟಿಲು ಗುಡಿಸುವುದು, ನೀರು ಮೇಲಕ್ಕೆ ಏರಿಸುವುದು, ಲಿಫ್ಟ್ ನಡೆಸುವುದು. ಇವುಗಳ ಬಿಲ್ಲು ಇಡೀ ಕಟ್ಟಡಕ್ಕೆ ಒಂದೇ ಬರುತ್ತದೆ. ಅದನ್ನು ಎಂಟು ಮನೆಗಳಿಗೆ ಹಂಚಿದಾಗ ಒಂದೊಂದು ಮನೆಗೆ ಬರುವ ಪಾಲೇ ಹಂಚಿಕೆ ವೆಚ್ಚ. ಇದರಲ್ಲಿ ಲಾಭ ಸೇರಿಸುವಂತಿಲ್ಲ. ಬಂದ ಬಿಲ್ಲುಗಳ ಮೊತ್ತ ಎಷ್ಟೋ, ಹಂಚಿದ ಪಾಲುಗಳ ಮೊತ್ತವೂ ಅಷ್ಟೇ ಇರಬೇಕು. ಹಾಳೆಯನ್ನು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ದಾರಿ ಇಲ್ಲ, ಆದ್ದರಿಂದ ಕೊನೆಯಲ್ಲಿ ಇದಕ್ಕೇ ಮರಳಿ ಬರುತ್ತೇನೆ.

ಈ ತಿಂಗಳು ಬಿಲ್ಲುಗಳು ನಾಲ್ಕು. ಶುಚಿಗೊಳಿಸುವವರ ಸಂಬಳ 9,600, ಸಾಮಾನ್ಯ ಮೀಟರಿನ ವಿದ್ಯುತ್ 2,400, ನೀರು 4,000. ಇನ್ನೊಂದು ಲಿಫ್ಟಿನ ನಿರ್ವಹಣೆ ಮತ್ತು ಕಟ್ಟಡದ ವಿಮೆಯ ಬಾಬ್ತು 1,500. ಈ ಕೊನೆಯದು ವಾಸ್ತವದಲ್ಲಿ ವರ್ಷಕ್ಕೊಮ್ಮೆ ಕಟ್ಟುವ 18,000. ಒಂದೇ ತಿಂಗಳಲ್ಲಿ ಕೇಳಿದರೆ ಆ ತಿಂಗಳು ಇದ್ದವರ ಮೇಲೆಯೇ ಇಡೀ ವರ್ಷದ ಭಾರ ಬೀಳುತ್ತದೆ, ಮರುತಿಂಗಳು ಬಂದವರು ಏನೂ ಕೊಡದೆ ಲಿಫ್ಟ್ ಬಳಸುತ್ತಾರೆ. ಅದಕ್ಕಾಗಿ ಹನ್ನೆರಡು ಭಾಗ ಮಾಡಿ ತಿಂಗಳಿಗೊಂದು ಭಾಗವನ್ನು ಹಾಳೆಗೆ ತರಲಾಗಿದೆ. ಎಲ್ಲ ಸೇರಿ 17,500.

ಒಂದೇ ಅಳತೆಗೋಲು ಏಕೆ ಸಾಲದು

ಈ 17,500ನ್ನು ಎಂಟರಿಂದ ಭಾಗಿಸಿದ್ದರೆ ಕೆಲಸ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆಗ ತಿಂಗಳಿಗೆ 9,000 ಲೀಟರ್ ನೀರು ಬಳಸಿದ ಮನೆಯೂ 20,000 ಲೀಟರ್ ಬಳಸಿದ ಮನೆಯೂ ಒಂದೇ ಹಣ ಕೊಡಬೇಕಾಗುತ್ತಿತ್ತು. ಹಾಗೆಂದು ಎಲ್ಲವನ್ನೂ ಬಳಕೆಗೆ ತಕ್ಕಂತೆ ಹಂಚೋಣವೆಂದರೆ, ಮೆಟ್ಟಿಲನ್ನು ಯಾರು ಎಷ್ಟು ಸಲ ಹತ್ತಿದರು ಎಂದು ಎಣಿಸುವವರು ಯಾರು? ಹೀಗಾಗಿ ನಮ್ಮ ಬಾಡಿಗೆ ಕರಾರಿನಲ್ಲಿ ಮೂರು ಅಳತೆಗೋಲುಗಳಿವೆ, ಯಾವ ಬಿಲ್ಲಿಗೆ ಯಾವುದು ಎಂಬುದೂ ಅಲ್ಲಿಯೇ ಇದೆ.

ಮೊದಲನೆಯದು ಸಮಪಾಲು. ಶುಚಿಗೊಳಿಸುವ ಸಂಬಳ ಮತ್ತು ಸಾಮಾನ್ಯ ವಿದ್ಯುತ್ ಇದಕ್ಕೆ ಸೇರುತ್ತವೆ. 9,600ನ್ನು ಎಂಟರಿಂದ ಭಾಗಿಸಿದರೆ ಮನೆಗೆ 1,200, ಹಾಗೆಯೇ 2,400ನ್ನು ಭಾಗಿಸಿದರೆ ಮನೆಗೆ 300.

ಎರಡನೆಯದು ವಿಸ್ತೀರ್ಣ. ನಮ್ಮಲ್ಲಿ ನಾಲ್ಕು ಮನೆಗಳು 600 ಚದರ ಅಡಿಯವು, ನಾಲ್ಕು 900 ಚದರ ಅಡಿಯವು, ಒಟ್ಟು 6,000 ಚದರ ಅಡಿ. ಲಿಫ್ಟ್ ಮತ್ತು ವಿಮೆಯ 1,500ನ್ನು 6,000ದಿಂದ ಭಾಗಿಸಿದರೆ ಚದರ ಅಡಿಗೆ 0.25 ಆಗುತ್ತದೆ. ಸಣ್ಣ ಮನೆಗೆ 150, ದೊಡ್ಡ ಮನೆಗೆ 225. ಮೂರನೇ ಮತ್ತು ನಾಲ್ಕನೇ ಮನೆಯ ನಡುವಿನ 255ರಲ್ಲಿ 75 ಇಲ್ಲಿಂದ ಬಂದಿದೆ. ಉಳಿದ 180 ಪೂರ್ತಿ ನೀರಿನದು.

ಮೂರನೆಯದು ಬಳಕೆ. ಮನೆಮನೆಗೂ ಮೀಟರ್ ಇರುವುದು ನೀರಿಗೆ ಮಾತ್ರ, ಹಾಗಾಗಿ ಈ ಅಳತೆಗೋಲು ಅದಕ್ಕೆ ಮಾತ್ರ ಅನ್ವಯಿಸುತ್ತದೆ.

ಸಾಮಾನ್ಯ ವಿದ್ಯುತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನೆಲಮಹಡಿಯವರು ಲಿಫ್ಟ್ ಬಳಸುವುದಿಲ್ಲ, ಆದರೂ ಸಮಪಾಲು ಏಕೆ ಎಂಬ ಮಾತು ಆಗಾಗ ಬರುತ್ತದೆ. ಈ ತಿಂಗಳು ಸಾಮಾನ್ಯ ಮೀಟರ್ 240 ಯೂನಿಟ್ ತೋರಿಸಿದೆ. ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಉಪಕರಣ ಒಂದು ಗಂಟೆ ನಡೆಯಲು ಬೇಕಾಗುವ ವಿದ್ಯುತ್. ನಮ್ಮ ಪಂಪು ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತದೆ, ದಿನಕ್ಕೆ ಎರಡು ಗಂಟೆ ನಡೆಯುತ್ತದೆ. ತಿಂಗಳಿಗೆ 60 ಯೂನಿಟ್. ಮೆಟ್ಟಿಲಿನಲ್ಲಿ 9 ವ್ಯಾಟಿನ ಹತ್ತು ಬಲ್ಬುಗಳು ರಾತ್ರಿ ಹನ್ನೆರಡು ಗಂಟೆ ಉರಿಯುತ್ತವೆ. ಅದು 32 ಯೂನಿಟ್. ಉಳಿದ 148ರ ಹತ್ತಿರದ್ದು ಲಿಫ್ಟಿನದು. ಯೂನಿಟ್ಟಿಗೆ ಸರಾಸರಿ 10ರಂತೆ ಲಿಫ್ಟಿನ ಪಾಲು 1,480. ಈಗ ಪ್ರತಿ ಮನೆಯೂ ಅದಕ್ಕೆ 185 ಕೊಡುತ್ತಿದೆ. ನೆಲಮಹಡಿಯ ಎರಡು ಮನೆಗಳನ್ನು ಬಿಟ್ಟರೆ ಉಳಿದ ಆರು ಮನೆಗಳಿಗೆ ಸುಮಾರು 247 ಆಗುತ್ತದೆ. ಆದರೆ ಈ ವಿಂಗಡಣೆ ನನ್ನ ಅಂದಾಜು, ಮೀಟರ್ ತೋರಿಸಿದ ಅಂಕಿ ಅಲ್ಲ. ಲಿಫ್ಟಿಗೆ ಪ್ರತ್ಯೇಕ ಮೀಟರ್ ಕೂರಿಸಿ ಕರಾರು ಬದಲಿಸುವವರೆಗೆ ಅಂದಾಜಿನ ಮೇಲೆ ಯಾರಿಂದಲೂ ಹೆಚ್ಚು ಹಣ ಪಡೆಯಬಾರದು ಎಂಬುದು ನನ್ನ ನಿಲುವು. ಆದ್ದರಿಂದ ಸಮಪಾಲನ್ನೇ ಉಳಿಸಿದ್ದೇನೆ.

ನೀರಿನ ಬಿಲ್ಲು: ಎರಡು ಬಗೆಯ ಮೀಟರುಗಳು

ಹಾಳೆಯ ಅತಿ ಕ್ಲಿಷ್ಟ ಭಾಗ ನೀರಿನದು, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಕಟ್ಟಡದ ಗೇಟಿನ ಬಳಿ ಒಂದು ಮುಖ್ಯ ಮೀಟರ್ ಇದೆ. ಹೊರಗಿನಿಂದ ಸಂಪಿಗೆ ಬರುವ ನೀರನ್ನೆಲ್ಲ ಅದು ಅಳೆಯುತ್ತದೆ, ಬಿಲ್ಲು ಬರುವುದು ಅದರ ಮೇಲೆ. ಸಂಪಿನಿಂದ ನೀರು ಮಾಳಿಗೆಯ ಟ್ಯಾಂಕಿಗೆ ಏರಿ, ಅಲ್ಲಿಂದ ಮನೆಗಳಿಗೆ ಇಳಿಯುತ್ತದೆ. ಪ್ರತಿ ಮನೆಗೆ ಇಳಿಯುವ ಕೊಳವೆಯ ಮೇಲೆ ಆ ಮನೆಯ ಮೀಟರ್ ಇದೆ. ಎಲ್ಲವೂ ಘನ ಮೀಟರಿನಲ್ಲಿ ಅಳೆಯುತ್ತವೆ. ಒಂದು ಘನ ಮೀಟರ್ ಎಂದರೆ 1,000 ಲೀಟರ್.

ಈ ತಿಂಗಳು ಮುಖ್ಯ ಮೀಟರ್ 120 ಘನ ಮೀಟರ್ ತೋರಿಸಿತು. ಬಿಲ್ಲಿನಲ್ಲಿ ಎರಡು ಭಾಗಗಳಿವೆ. ಒಂದು ಸ್ಥಿರ ಶುಲ್ಕ 400. ಒಂದು ಹನಿಯನ್ನೂ ಬಳಸದಿದ್ದರೂ ಇದನ್ನು ಕೊಡಬೇಕು, ಆದ್ದರಿಂದ ಇದು ಸಮಪಾಲು, ಮನೆಗೆ 50. ಇನ್ನೊಂದು ಬಳಕೆಯ ಶುಲ್ಕ 3,600.

ಈ 3,600 ಹಂತದ ದರದಲ್ಲಿ ಬಂದಿದೆ. ಮೊದಲ 40 ಘನ ಮೀಟರಿಗೆ 20ರ ದರ, ಮುಂದಿನ 40ಕ್ಕೆ 30, ಅದಾದ ಮೇಲಿನ 40ಕ್ಕೆ 40. ಅಂದರೆ 800, 1,200 ಮತ್ತು 1,600. ಬಳಕೆ ಏರಿದಂತೆ ದರವೂ ಏರುವ ವ್ಯವಸ್ಥೆ ಇದು. ಎಂಟು ಮನೆಗಳ ನೀರು ಒಂದೇ ಮೀಟರಿನಲ್ಲಿ ಬೆರೆತಿರುವುದರಿಂದ, ಅಗ್ಗದ ಹಂತದ ನೀರನ್ನು ಬಳಸಿದವರು ಯಾರು, ದುಬಾರಿ ಹಂತದ ನೀರನ್ನು ಬಳಸಿದವರು ಯಾರು ಎಂದು ಬೇರ್ಪಡಿಸಲು ಬರುವುದಿಲ್ಲ. ಒಂದೇ ಕೊಡದಲ್ಲಿ ತುಂಬಿದ ನೀರಿನಲ್ಲಿ ಮೊದಲ ಚೆಂಬು ಯಾರದು, ಕೊನೆಯ ಚೆಂಬು ಯಾರದು ಎಂದು ಹುಡುಕಿದಂತೆ. ಅದಕ್ಕಾಗಿ ಸರಾಸರಿ ದರ ತೆಗೆಯುತ್ತೇವೆ: 3,600ನ್ನು 120ರಿಂದ ಭಾಗಿಸಿದರೆ ಘನ ಮೀಟರಿಗೆ 30. ಹಾಳೆಯಲ್ಲಿ `B3` ಎಂಬ ಚೌಕದಲ್ಲಿರುವ ಅಂಕಿ ಇದೇ.

ಸರಾಸರಿ ದರಕ್ಕೆ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕಡಿಮೆ ಬಳಸುವವರಿಗೆ ಅಗ್ಗದ ಹಂತದ ಪೂರ್ಣ ಲಾಭ ಇದರಲ್ಲಿ ಸಿಗುವುದಿಲ್ಲ. ಪ್ರತಿ ಹಂತವನ್ನೂ ಎಂಟು ಭಾಗ ಮಾಡಿ, ಪ್ರತಿ ಮನೆಗೆ 5 ಘನ ಮೀಟರ್ 20ರ ದರದಲ್ಲಿ, ಮುಂದಿನ 5 ಘನ ಮೀಟರ್ 30ರ ದರದಲ್ಲಿ, ಉಳಿದದ್ದು 40ರ ದರದಲ್ಲಿ ಎಂದು ಲೆಕ್ಕ ಹಾಕುವ ಕ್ರಮವೂ ಉಂಟು. ಆಗ 9 ಘನ ಮೀಟರ್ ಬಳಸಿದ ಒಂದನೇ ಮನೆಯ ನೀರಿಗೆ 270ರ ಬದಲು 220 ಆಗುತ್ತದೆ, 20 ಬಳಸಿದ ಎಂಟನೇ ಮನೆಗೆ 600ರ ಬದಲು 650. ನಮ್ಮ ಕರಾರಿನಲ್ಲಿರುವುದು ಸರಾಸರಿ ದರ, ಹಾಗಾಗಿ ನಾನು ಅದರಂತೆ ಲೆಕ್ಕ ಹಾಕಿದ್ದೇನೆ. ಬದಲಿಸಬೇಕೆಂದರೆ ಎಲ್ಲರೂ ಕೂತು ನಿರ್ಧರಿಸಬೇಕು, ಲೆಕ್ಕ ಬರೆಯುವವರು ತಾವಾಗಿ ಬದಲಿಸುವಂತಿಲ್ಲ.

ಎಲ್ಲಿ ಹೋಯಿತು ಆ 12 ಘನ ಮೀಟರ್

ಎಂಟು ಮನೆಗಳ ಮೀಟರುಗಳ ಬಳಕೆಯನ್ನು ಕೂಡಿಸಿದರೆ 108 ಬರುತ್ತದೆ. ಮುಖ್ಯ ಮೀಟರ್ ಹೇಳುವುದು 120. ಹಾಳೆಯಲ್ಲಿ 'ಸಾಮಾನ್ಯ ನೀರು' ಎಂದು ಬರೆದಿರುವುದು ಈ 12ರ ವ್ಯತ್ಯಾಸವನ್ನು. ಬಹುಪಾಲು ಅನುಮಾನಗಳು ಹುಟ್ಟುವುದು ಇಲ್ಲಿಯೇ: ಯಾರ ಮೀಟರಿನಲ್ಲೂ ಇಲ್ಲದ ನೀರಿಗೆ ನಾವೇಕೆ ಹಣ ಕೊಡಬೇಕು?

ಇದರಲ್ಲಿ 5 ಘನ ಮೀಟರ್ ಎಲ್ಲಿಯೂ ಹೋಗಿಲ್ಲ, ಕಟ್ಟಡದಲ್ಲಿಯೇ ಇದೆ. ಮುಖ್ಯ ಮೀಟರ್ ಅಳೆಯುವುದು ಒಳಗೆ ಬಂದ ನೀರನ್ನು, ಮನೆ ಮೀಟರ್ ಅಳೆಯುವುದು ಟ್ಯಾಂಕಿನಿಂದ ಇಳಿದ ನೀರನ್ನು. ನಡುವೆ ಸಂಪು ಮತ್ತು ಟ್ಯಾಂಕ್ ಇವೆ. ಕಳೆದ ತಿಂಗಳು ರೀಡಿಂಗ್ ತೆಗೆದ ದಿನ ಎರಡರಲ್ಲೂ ಸೇರಿ 9 ಘನ ಮೀಟರ್ ನೀರಿತ್ತು, ಈ ತಿಂಗಳು ತೆಗೆದ ದಿನ 14 ಇತ್ತು. ಈ 5ಕ್ಕೆ ಈ ತಿಂಗಳ ಬಿಲ್ಲಿನಲ್ಲಿ ಹಣ ಕಟ್ಟಿದ್ದೇವೆ, ಬಳಸುವುದು ಮುಂದಿನ ತಿಂಗಳು. ಮುಂದಿನ ರೀಡಿಂಗಿನ ದಿನ ಮಟ್ಟ ಮತ್ತೆ 9ಕ್ಕೆ ಇಳಿದರೆ ಅಷ್ಟೇ ನೀರು ಮುಂದಿನ ವ್ಯತ್ಯಾಸದಿಂದ ಕಳೆಯುತ್ತದೆ. ಹಾಗಾಗಿ ವ್ಯತ್ಯಾಸ ಒಂದು ತಿಂಗಳು ಹೆಚ್ಚಿದ್ದು ಇನ್ನೊಂದು ತಿಂಗಳು ಕಡಿಮೆಯಾದರೆ ಅದನ್ನು ಸೋರಿಕೆ ಎಂದು ತಿಳಿಯಬೇಕಿಲ್ಲ. ಹಾಳೆಯ ಕೆಳಭಾಗದಲ್ಲಿ ಸಂಪು ಮತ್ತು ಟ್ಯಾಂಕಿನ ಮಟ್ಟವನ್ನು ಬರೆಯುತ್ತಿರುವುದು ಇದಕ್ಕಾಗಿ.

ಉಳಿದದ್ದು 7. ಮೆಟ್ಟಿಲು ಮತ್ತು ಅಂಗಳ ತೊಳೆಯಲು ದಿನಕ್ಕೆ 15 ಲೀಟರಿನ ಹತ್ತು ಬಕೆಟ್ ನೀರು ಹೋಗುತ್ತದೆ. ದಿನಕ್ಕೆ 150 ಲೀಟರ್, ಮೂವತ್ತು ದಿನಕ್ಕೆ 4,500 ಲೀಟರ್, ಅಂದರೆ 4.5 ಘನ ಮೀಟರ್. ಅಂಗಳದ ನಲ್ಲಿಗೆ ಮೀಟರ್ ಇಲ್ಲ.

ಕೊನೆಗೆ 2.5 ಘನ ಮೀಟರ್ ಉಳಿಯಿತು. ಮನೆಗಳಲ್ಲಿರುವಂಥ ಚಕ್ರ ತಿರುಗುವ ಮೀಟರಿಗೆ ಒಂದು ಸ್ವಭಾವವಿದೆ: ನೀರು ತೀರಾ ನಿಧಾನವಾಗಿ, ಹನಿಹನಿಯಾಗಿ ಹೋಗುವಾಗ ಚಕ್ರ ತಿರುಗುವಷ್ಟು ಒತ್ತು ಸಿಗುವುದಿಲ್ಲ. ಆ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಮುಖ್ಯ ಮೀಟರಿನ ಮೂಲಕ ನೀರು ಸಂಪಿಗೆ ರಭಸದಿಂದ ನುಗ್ಗುವುದರಿಂದ ಅದು ಎಲ್ಲವನ್ನೂ ಎಣಿಸುತ್ತದೆ. ಎಂಟು ಮನೆಗಳ ತೊಟ್ಟಿಕ್ಕುವ ನಲ್ಲಿಗಳ ನೀರು ಹೀಗೆ ಮುಖ್ಯ ಮೀಟರಿನಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೆ ಮನೆ ಮೀಟರುಗಳನ್ನು ನಾವು ಪೂರ್ಣ ಘನ ಮೀಟರಿನಲ್ಲಿ ಮಾತ್ರ ಬರೆದುಕೊಳ್ಳುವುದರಿಂದ ಒಂದೊಂದು ಮನೆಯಲ್ಲಿ ಒಂದಿಷ್ಟು ಭಾಗ ಈ ತಿಂಗಳಿಗೋ ಮುಂದಿನ ತಿಂಗಳಿಗೋ ಜಾರುತ್ತದೆ. 120ರಲ್ಲಿ 2.5 ಎಂದರೆ ನೂರಕ್ಕೆ ಎರಡರಷ್ಟು. ಇಷ್ಟಕ್ಕೆ ಗಾಬರಿ ಬೇಡ. ಟ್ಯಾಂಕಿನ ಮಟ್ಟ ಮತ್ತು ತೊಳೆಯುವ ನೀರನ್ನು ಕಳೆದ ಮೇಲೂ ಪ್ರತಿ ತಿಂಗಳು ಏಳೆಂಟು ಉಳಿಯುತ್ತಾ ಹೋದರೆ ಮಾತ್ರ ಸಂಪಿನ ಬಿರುಕನ್ನೋ, ತುಂಬಿ ಹರಿಯುವ ಟ್ಯಾಂಕನ್ನೋ, ನೆಲದಡಿಯ ಕೊಳವೆಯನ್ನೋ ಹುಡುಕಬೇಕಾಗುತ್ತದೆ.

ಇನ್ನು ಈ 12ಕ್ಕೆ ಹಣ ಕೊಡುವವರು ಯಾರು? 12ನ್ನು 30ರಿಂದ ಗುಣಿಸಿದರೆ 360, ಎಂಟು ಮನೆಗೆ ಸಮನಾಗಿ ಹಂಚಿದರೆ ತಲಾ 45. ಇನ್ನೊಂದು ದಾರಿ ಎಂದರೆ 3,600ನ್ನು 108ರಿಂದ ಭಾಗಿಸಿ ದರವನ್ನೇ 33.33 ಮಾಡುವುದು. ಆಗ ಪ್ರತ್ಯೇಕ ಸಾಲು ಬೇಕಾಗುವುದಿಲ್ಲ, ಹಾಳೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಆಗ ಮೆಟ್ಟಿಲು ತೊಳೆದ ನೀರಿನ ಹೆಚ್ಚಿನ ಭಾಗವನ್ನು, ಮನೆಯಲ್ಲಿ ಜನ ಹೆಚ್ಚಿದ್ದು ನೀರು ಹೆಚ್ಚು ಬಳಸುವವರು ಕೊಡಬೇಕಾಗುತ್ತದೆ. ಎಂಟನೇ ಮನೆಗೆ 645ರ ಬದಲು 666.67, ಒಂದನೇ ಮನೆಗೆ 315ರ ಬದಲು 300. ಮೆಟ್ಟಿಲು ಎಲ್ಲರದೂ ಆದ್ದರಿಂದ ಕರಾರು ಅದರ ನೀರನ್ನು ಸಮಪಾಲಿಗೆ ಸೇರಿಸಿದೆ. ಪ್ರತ್ಯೇಕ ಸಾಲಿನಲ್ಲಿ ಬರೆಯುವುದರಿಂದ ಇನ್ನೊಂದು ಉಪಯೋಗವೂ ಇದೆ: ವ್ಯತ್ಯಾಸ ಬೆಳೆದರೆ ಎಲ್ಲರ ಕಣ್ಣಿಗೆ ಬೀಳುತ್ತದೆ. ದರದೊಳಗೆ ಅಡಗಿಸಿದರೆ ಸೋರಿಕೆಯೂ ಅಡಗಿ ಕೂರುತ್ತದೆ.

ನಾಲ್ಕನೇ ಮನೆಯ ಸಾಲನ್ನು ಓದೋಣ

ಈಗ ಒಂದು ಮನೆಯ ಪೂರ್ತಿ ಲೆಕ್ಕವನ್ನು ಎಡದಿಂದ ಬಲಕ್ಕೆ ಓದಬಹುದು. ನಾಲ್ಕನೇ ಮನೆಯ ಸಮಪಾಲುಗಳು: ಶುಚಿ 1,200, ವಿದ್ಯುತ್ 300, ನೀರಿನ ಸ್ಥಿರ ಶುಲ್ಕ 50, ಸಾಮಾನ್ಯ ನೀರು 45. ಸೇರಿ 1,595. ಈ ಅಂಕಿ ಎಂಟೂ ಮನೆಗಳಿಗೆ ಒಂದೇ. ಅದಕ್ಕೆ 900 ಚದರ ಅಡಿಯ ಪಾಲು 225 ಸೇರುತ್ತದೆ. ಮನೆ ಮೀಟರಿನ 18 ಘನ ಮೀಟರಿಗೆ 30ರಂತೆ 540. ಒಟ್ಟು 2,360.

ಮೂರನೇ ಮನೆಯದು ಅದೇ 1,595, ಸಣ್ಣ ಮನೆಯಾದ್ದರಿಂದ 150, 12 ಘನ ಮೀಟರಿಗೆ 360. ಒಟ್ಟು 2,105. ನಿಮ್ಮ ಮನೆಯ ಲೆಕ್ಕವನ್ನೂ ಹೀಗೆಯೇ ಕಾಗದದ ಮೇಲೆ ಮಾಡಬಹುದು. 1,595ರಿಂದ ಆರಂಭಿಸಿ, ನಿಮ್ಮ ವಿಸ್ತೀರ್ಣದ ಪಾಲನ್ನು ಕೂಡಿಸಿ, ನಿಮ್ಮ ಮೀಟರಿನ ಬಳಕೆಯನ್ನು 30ರಿಂದ ಗುಣಿಸಿ ಸೇರಿಸಿ.

ತಿಂಗಳ ನಡುವೆ ಬಂದವರು, ಹೋದವರು

ಐದನೇ ಮನೆಗೆ ಹಾಳೆಯಲ್ಲಿ ಮೂರು ಸಾಲುಗಳಿವೆ. ಹಳೆಯ ಬಾಡಿಗೆದಾರರು 10ನೇ ತಾರೀಕಿನವರೆಗೆ ಇದ್ದರು. ಹೊಸಬರು 16ರಂದು ಕೀಲಿ ಪಡೆದರು. ನಡುವಿನ ಐದು ದಿನ ಮನೆ ಖಾಲಿ ಇತ್ತು. ಮೂವತ್ತು ದಿನಗಳ ತಿಂಗಳು 10, 5, 15 ಎಂದು ಒಡೆಯಿತು. ಬಿಟ್ಟುಹೋದ ದಿನವನ್ನು ಹಳಬರಿಗೂ ಕೀಲಿ ಪಡೆದ ದಿನವನ್ನು ಹೊಸಬರಿಗೂ ಸೇರಿಸಿದ್ದೇನೆ.

ಬಳಕೆಗೆ ಸಂಬಂಧವಿಲ್ಲದ ವೆಚ್ಚ ಈ ಮನೆಗೆ 1,595 ಮತ್ತು 150, ಅಂದರೆ 1,745. ಇದನ್ನು ಮಾತ್ರ ದಿನದ ಲೆಕ್ಕದಲ್ಲಿ ಹಂಚುತ್ತೇವೆ. ಹಳಬರಿಗೆ ಹತ್ತು ದಿನಕ್ಕೆ 581.67, ಖಾಲಿ ದಿನಗಳಿಗೆ 290.83, ಹೊಸಬರಿಗೆ 872.50. ನೀರನ್ನು ದಿನದ ಲೆಕ್ಕದಲ್ಲಿ ಹಂಚುವುದು ತಪ್ಪು, ಏಕೆಂದರೆ ಅದಕ್ಕೆ ಮೀಟರ್ ಇದೆ. ಮನೆ ಬಿಟ್ಟ ದಿನ ಮತ್ತು ಕೀಲಿ ಕೊಟ್ಟ ದಿನ ಎರಡೂ ಸಲ ರೀಡಿಂಗ್ ಬರೆದುಕೊಂಡಿದ್ದೇವೆ: ಹಳಬರ ಬಳಕೆ 3, ಖಾಲಿ ದಿನಗಳಲ್ಲಿ ಸೊನ್ನೆ, ಹೊಸಬರದು 4. ಹಾಗಾಗಿ ಹಳಬರ ಒಟ್ಟು 671.67, ಹೊಸಬರದು 992.50.

ಐದನೇ ಮನೆಯ ಇಡೀ ತಿಂಗಳ ಮೊತ್ತ 1,955, ಅದರ ಅರ್ಧ 977.50. ಹೊಸಬರ ಪಾಲು ಅದಕ್ಕಿಂತ 15 ಹೆಚ್ಚಿದೆ. ಒಟ್ಟು 7 ಘನ ಮೀಟರಿನಲ್ಲಿ ಅವರು ಬಳಸಿದ್ದು ಅರ್ಧವಾದ 3.5 ಅಲ್ಲ, 4 ಎಂಬುದೇ ಕಾರಣ. ಅರ್ಧ ಘನ ಮೀಟರಿಗೆ 15.

ಉಳಿದ 290.83 ಮನೆಯ ಮಾಲೀಕರದು. ಖಾಲಿ ಮನೆಯ ಪಾಲನ್ನು ಉಳಿದ ಏಳು ಮನೆಗಳ ಮೇಲೆ ಹೊರಿಸುವಂತಿಲ್ಲ ಎಂದು ಕರಾರು ಸ್ಪಷ್ಟವಾಗಿ ಹೇಳುತ್ತದೆ. ಬೇರೆ ಕಡೆ ಬಾಡಿಗೆಗೆ ಹೋದಾಗ ನೀವು ನೋಡಲೇಬೇಕಾದ ಸಂಗತಿ ಇದು. ಎಂಟು ಮನೆಗಳಲ್ಲಿ ಏಳು ತುಂಬಿರುವಾಗ ಬಿಲ್ಲನ್ನು ಏಳರಿಂದ ಭಾಗಿಸಿದ್ದರೆ, ಖಾಲಿ ಮನೆಯ ವೆಚ್ಚ ಸದ್ದಿಲ್ಲದೆ ನಿಮ್ಮ ಪಾಲಿಗೆ ಸೇರಿದೆ ಎಂದರ್ಥ.

ಎಂಟನೇ ಮನೆಯ ಏರಿಕೆ

ಎಂಟನೇ ಮನೆಯ ಬಳಕೆ ಕಳೆದ ತಿಂಗಳು 13 ಇದ್ದದ್ದು ಈಗ 20 ಆಗಿದೆ. ಮೊದಲು ನನ್ನ ರೀಡಿಂಗನ್ನೇ ಅನುಮಾನಿಸಿದೆ. ಮೀಟರಿನ ಮುಖದ ಮೇಲೆ ಕಪ್ಪು ಅಂಕಿಗಳು ಘನ ಮೀಟರನ್ನೂ ಕೆಂಪು ಅಂಕಿಗಳು ಲೀಟರನ್ನೂ ತೋರಿಸುತ್ತವೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಪ್ಪನ್ನು ಮಾತ್ರ. ಚಿತ್ರ ತೆಗೆದು ಮತ್ತೊಮ್ಮೆ ನೋಡಿದೆ: ಹಿಂದಿನದು 392, ಈಗಿನದು 412. ರೀಡಿಂಗ್ ಸರಿಯಾಗಿದೆ.

ಮನೆಯವರು ತಮ್ಮ ಬಳಕೆ ಬದಲಾಗಿಲ್ಲ ಎನ್ನುತ್ತಾರೆ, ಅವರ ಮಾತನ್ನು ನಂಬದಿರಲು ಕಾರಣವಿಲ್ಲ. ಹೆಚ್ಚಾದ 7 ಘನ ಮೀಟರನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 233 ಲೀಟರ್, ಗಂಟೆಗೆ ಹತ್ತು ಲೀಟರಿಗೆ ತುಸು ಕಡಿಮೆ. ಫ್ಲಶ್ ತೊಟ್ಟಿಯ ಒಳಗಿನ ರಬ್ಬರ್ ಸವೆದರೆ ಕೆಳಗಿನ ಬಟ್ಟಲಿನ ಗೋಡೆಗುಂಟ ಸದ್ದಿಲ್ಲದೆ ಇಷ್ಟು ನೀರು ಇಳಿಯುವುದು ಕಷ್ಟವಲ್ಲ. ಕಂಡುಹಿಡಿಯಲು ಎರಡು ಪರೀಕ್ಷೆಗಳಿವೆ. ರಾತ್ರಿ ಮಲಗುವ ಮುನ್ನ ಮೀಟರಿನ ಕೆಂಪು ಅಂಕಿಗಳನ್ನು ಬರೆದಿಟ್ಟು, ನೀರು ಮುಟ್ಟುವ ಮುನ್ನ ಬೆಳಗ್ಗೆ ಮತ್ತೆ ನೋಡಿ. ಏಳು ಗಂಟೆಯಲ್ಲಿ ಎಪ್ಪತ್ತರ ಹತ್ತಿರ ಏರಿದ್ದರೆ ಎಲ್ಲೋ ಸೋರುತ್ತಿದೆ. ಆಮೇಲೆ ಫ್ಲಶ್ ತೊಟ್ಟಿಗೆ ಬಣ್ಣದ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಬಟ್ಟಲಿನಲ್ಲಿ ಬಣ್ಣ ಕಂಡರೆ ಸೋರುತ್ತಿರುವುದು ಅದೇ. ಕಾಣದಿದ್ದರೆ ಗೀಸರ್ ಮತ್ತು ಬಟ್ಟೆ ತೊಳೆಯುವ ಯಂತ್ರದ ಕೊಳವೆಗಳನ್ನು ನೋಡಬೇಕು. ಈ ಬಗೆಯ ಸೋರಿಕೆ ಹನಿಹನಿಯಲ್ಲ, ಎಳೆಯಾಗಿ ಹರಿಯುವುದು. ಆದ್ದರಿಂದ ಮನೆ ಮೀಟರ್ ಇದನ್ನು ಎಣಿಸುತ್ತದೆ, ಮೊತ್ತ ಆ ಮನೆಗೇ ಬರುತ್ತದೆ.

ಹಾಳೆಯನ್ನು ನೀವೇ ಪರೀಕ್ಷಿಸುವುದು

ಕಂಪ್ಯೂಟರಿನ ಹಾಳೆ ಗುಣಾಕಾರದಲ್ಲಿ ತಪ್ಪುವುದಿಲ್ಲ. ಆದರೆ ಯಾವುದನ್ನು ಯಾವುದರಿಂದ ಗುಣಿಸಬೇಕೆಂದು ಹೇಳುವುದು ಮನುಷ್ಯರು, ತಪ್ಪು ನುಸುಳುವುದು ಅಲ್ಲಿ. ನಾಲ್ಕನೇ ಮನೆಯ ನೀರಿನ ಚೌಕವನ್ನು ಒತ್ತಿದರೆ ನಿಮಗೆ ಈ ಸೂತ್ರ ಕಾಣುತ್ತದೆ:

```
=ROUND(F12*$B$3,2)
```

`F12` ಎಂಬುದು ಆ ಮನೆಯ ಬಳಕೆ, `$B$3` ಸರಾಸರಿ ದರ, ಕೊನೆಯ 2 ಎಂದರೆ ದಶಮಾಂಶದ ಎರಡು ಸ್ಥಾನಕ್ಕೆ ಸರಿಹೊಂದಿಸು ಎಂದು. ಡಾಲರ್ ಚಿಹ್ನೆಗೆ ಇಲ್ಲಿ ಹಣದ ಸಂಬಂಧವಿಲ್ಲ. ಸೂತ್ರವನ್ನು ಕೆಳಗಿನ ಸಾಲುಗಳಿಗೆ ಎಳೆದಾಗ ಆ ಚೌಕ ಜರುಗದಂತೆ ಅದು ಹಿಡಿದಿಡುತ್ತದೆ. ಈ ತಿಂಗಳ ಮೊದಲ ಕರಡಿನಲ್ಲಿ ಆ ಚಿಹ್ನೆ ಬಿಟ್ಟುಹೋಗಿತ್ತು. ಒಂದನೇ ಮನೆಯ ಸಾಲು ಸರಿಯಾಗಿಯೇ ಇತ್ತು. ಆದರೆ ಎರಡನೇ ಮನೆಯ ಸಾಲು `B3` ಬದಲು ಅದರ ಕೆಳಗಿನ `B4` ಚೌಕವನ್ನು ಹಿಡಿಯಿತು. ಅಲ್ಲಿದ್ದದ್ದು ಸಾಮಾನ್ಯ ನೀರಿನ 45. ಹೀಗೆ 16 ಘನ ಮೀಟರಿಗೆ 480ರ ಬದಲು 720 ಬಂತು. ನೋಡಿದರೆ ಅನುಮಾನ ಬಾರದ ಅಂಕಿ. ದೊಡ್ಡ ಮನೆ, ಬೇಸಿಗೆ, ಇರಬಹುದು ಎಂದುಕೊಳ್ಳುವಂಥದ್ದು. ಸಿಕ್ಕಿಬಿದ್ದದ್ದು 19ನೇ ಸಾಲಿನ ಮೊತ್ತದಿಂದ. ಮನೆ ಮೀಟರುಗಳ ನೀರು 108ಕ್ಕೆ 30ರಂತೆ 3,240 ಆಗಬೇಕಿತ್ತು, ಆಗಿರಲಿಲ್ಲ.

ಆದ್ದರಿಂದ ನಿಮ್ಮ ಸಾಲನ್ನು ನೋಡಿದ ಮೇಲೆ ಕೊನೆಯ ಸಾಲನ್ನೂ ನೋಡಿ. ಸಮಪಾಲು 1,595 ಎಂಟು ಸಲ, ಅಂದರೆ 12,760. ವಿಸ್ತೀರ್ಣದ್ದು 1,500. ಮನೆ ಮೀಟರುಗಳ ನೀರು 3,240. ಮೂರೂ ಸೇರಿ 17,500, ನಾಲ್ಕು ಬಿಲ್ಲುಗಳ ಮೊತ್ತವೂ ಅದೇ. ಇದು ಹೊಂದಿದರೆ ಹೆಚ್ಚುವರಿ ಹಣ ವಸೂಲಾಗಿಲ್ಲ ಎಂಬುದು ಖಚಿತ. ಆದರೆ ಒಬ್ಬರ ರೀಡಿಂಗನ್ನು ಇನ್ನೊಬ್ಬರ ಸಾಲಿನಲ್ಲಿ ಬರೆದಿದ್ದರೆ ಮೊತ್ತ ಹೊಂದಿಯೇ ಇರುತ್ತದೆ, ತಪ್ಪು ಹಾಗೆಯೇ ಉಳಿಯುತ್ತದೆ. ಅದನ್ನು ಹಿಡಿಯಲು ನೀವು ನಿಮ್ಮ ಮೀಟರನ್ನು ನೋಡುವುದೊಂದೇ ದಾರಿ. ಪ್ರತಿ ಮೀಟರಿನ ಮೇಲೆ ಅದರ ಸಂಖ್ಯೆ ಇರುತ್ತದೆ, ಹಾಳೆಯಲ್ಲೂ ನಿಮ್ಮ ಹೆಸರಿನ ಪಕ್ಕ ಅದೇ ಸಂಖ್ಯೆ ಇರಬೇಕು.

ಏನಾದರೂ ಹೊಂದದಿದ್ದರೆ ಸಾಲಿನ ಸಂಖ್ಯೆ, ನಿಮ್ಮ ಮೀಟರಿನ ಚಿತ್ರ, ಚಿತ್ರ ತೆಗೆದ ದಿನ ಈ ಮೂರನ್ನು ಕಳುಹಿಸಿ. ತಪ್ಪು ನನ್ನದಾಗಿದ್ದರೆ ಈ ಹಾಳೆಯನ್ನು ಅಳಿಸಿ ತಿದ್ದುವುದಿಲ್ಲ. ಮುಂದಿನ ತಿಂಗಳ ಹಾಳೆಯಲ್ಲಿ 'ಹಿಂದಿನ ತಿಂಗಳ ಹೊಂದಾಣಿಕೆ' ಎಂಬ ಪ್ರತ್ಯೇಕ ಅಂಕಣದಲ್ಲಿ ಮೊತ್ತವನ್ನು ಕಳೆದು ಅಥವಾ ಕೂಡಿಸಿ ತೋರಿಸುತ್ತೇನೆ. ನಾಲ್ಕು ಬಿಲ್ಲುಗಳ ಮೂಲ ಪ್ರತಿಗಳು ನನ್ನ ಬಳಿ ಇವೆ. ಯಾವ ದಿನ ಬೇಕಾದರೂ ಬಂದು ನೋಡಬಹುದು.